ಖಾತೆಯಿಂದ ಹಣ ಕಟ್, ಅಂಗಡಿಗೆ ಮಾತ್ರ ಬಂದಿಲ್ಲ! ಕಾರ್ಡ್ ಪಾವತಿ ಸಿಲುಕುವುದು ಎಲ್ಲಿ? ಯಾವ ಬ್ಯಾಂಕ್‌ನ ಹೊಣೆ ಏನು?

ಅಂಗಡಿಯಲ್ಲಿ ಕಾರ್ಡ್ ಹಾಕಿ ಪಿನ್ ಒತ್ತಿದ್ದಾಯಿತು. ಯಂತ್ರ ಕೆಲ ಹೊತ್ತು ಯೋಚಿಸಿ, ಪಾವತಿ ವಿಫಲ ಎಂದು ತೋರಿಸಿತು. ಅಷ್ಟರಲ್ಲೇ ಮೊಬೈಲ್‌ಗೆ ಖಾತೆಯಿಂದ ಹಣ ಕಡಿತವಾದ ಸಂದೇಶ. ಅಂಗಡಿಯವರು ತಮಗೆ ದುಡ್ಡು ಬಂದಿಲ್ಲ, ಇನ್ನೊಮ್ಮೆ ಕಾರ್ಡ್ ಹಾಕಿ ಎನ್ನುತ್ತಾರೆ. ಬ್ಯಾಂಕ್‌ಗೆ ಕರೆ ಮಾಡಿದರೆ, ನಮ್ಮ ಕಡೆಯಿಂದ ಪಾವತಿ ಯಶಸ್ವಿಯಾಗಿದೆ ಎಂಬ ಉತ್ತರ ಬರುತ್ತದೆ.

ಇದರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಒಂದು ಕಾರ್ಡ್ ಪಾವತಿಯ ಹಿಂದೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಸಂಸ್ಥೆಗಳು ಇರುತ್ತವೆ. ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕ್ ಒಂದು, ಅಂಗಡಿಗೆ ಸ್ವೈಪಿಂಗ್ ಯಂತ್ರದ ಸೇವೆ ಕೊಟ್ಟ ಬ್ಯಾಂಕ್ ಇನ್ನೊಂದು, ಇವೆರಡರ ನಡುವೆ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇಯಂಥ ನೆಟ್‌ವರ್ಕ್ ಮೂರನೆಯದು. ಯಂತ್ರದಿಂದ ಸ್ಲಿಪ್ ಹೊರಬರುವ ಹೊತ್ತಿಗೆ ಅಂಗಡಿಯ ಖಾತೆಗೆ ಹಣ ಹೋಗಿರುವುದಿಲ್ಲ. ಹೋಗಿರುವುದು ಹಣ ಕೊಡುತ್ತೇವೆ ಎಂಬ ಬ್ಯಾಂಕ್‌ನ ಮಾತು ಮಾತ್ರ. ಹಣ ಬರುವುದು ಆಮೇಲೆ, ಬೇರೆಯದೇ ದಾರಿಯಲ್ಲಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ, ಸಿಲುಕಿಕೊಂಡ ಹಣ ಎಲ್ಲಿದೆ, ಯಾರನ್ನು ಕೇಳಬೇಕು, ಎಷ್ಟು ದಿನ ಕಾಯಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ.

ಒಂದು ಪಾವತಿ, ಮೂರು ಸಂಸ್ಥೆಗಳು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿಯವರೊಬ್ಬರು ಕೆಲಸದ ನಿಮಿತ್ತ ಮುಂಬೈನಲ್ಲಿದ್ದಾರೆ. ಅವರ ಉಳಿತಾಯ ಖಾತೆ ಇನ್ನೂ ಹುಬ್ಬಳ್ಳಿಯ ಶಾಖೆಯಲ್ಲೇ ಇದೆ. ದಾದರ್‌ನ ಬಟ್ಟೆ ಅಂಗಡಿಯಲ್ಲಿ 8,000 ರೂಪಾಯಿಯ ಸೀರೆ ಕೊಂಡು ಡೆಬಿಟ್ ಕಾರ್ಡ್ ಕೊಡುತ್ತಾರೆ. ಅಂಗಡಿಯವರ ಖಾತೆ ಮತ್ತು ಸ್ವೈಪಿಂಗ್ ಯಂತ್ರ ಬೇರೊಂದು ಬ್ಯಾಂಕ್‌ನದು.

ಇಲ್ಲಿ ಕಾರ್ಡ್ ಕೊಟ್ಟ ಬ್ಯಾಂಕನ್ನು ಇಶ್ಯೂಯಿಂಗ್ ಬ್ಯಾಂಕ್ ಎನ್ನುತ್ತಾರೆ. ಗ್ರಾಹಕರ ಹಣ ಇರುವುದು ಇದರ ಬಳಿ. ಪಾವತಿಗೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಅಧಿಕಾರವೂ ಮೂಲತಃ ಇದರದೇ.

ಅಂಗಡಿಯ ಪರವಾಗಿ ಕಾರ್ಡ್ ಪಾವತಿ ಸ್ವೀಕರಿಸುವ ಬ್ಯಾಂಕ್ ಅಕ್ವೈರಿಂಗ್ ಬ್ಯಾಂಕ್. ಅಂಗಡಿಯ ದಾಖಲೆ ಪರಿಶೀಲಿಸುವುದು, ಯಂತ್ರದ ವ್ಯವಸ್ಥೆ ಮಾಡುವುದು, ಬಂದ ಹಣವನ್ನು ಅಂಗಡಿಯ ಖಾತೆಗೆ ಹಾಕುವುದು ಇದರ ಕೆಲಸ. ಆ ಅಂಗಡಿ ಮೋಸ ಮಾಡಿದರೆ ಅಥವಾ ಬಾಗಿಲು ಮುಚ್ಚಿದರೆ ನೆಟ್‌ವರ್ಕ್‌ನ ಮುಂದೆ ಉತ್ತರ ಕೊಡಬೇಕಾದದ್ದೂ ಇದೇ ಬ್ಯಾಂಕ್. ಯಂತ್ರದ ಮೇಲೆ ಪೇಮೆಂಟ್ ಕಂಪನಿಯೊಂದರ ಹೆಸರಿದ್ದರೂ, ಅದರ ಹಿಂದೆ ಅಕ್ವೈರಿಂಗ್ ಬ್ಯಾಂಕ್ ಒಂದು ಇದ್ದೇ ಇರುತ್ತದೆ.

ದೇಶದಲ್ಲಿರುವ ಪ್ರತಿ ಬ್ಯಾಂಕ್ ಇನ್ನುಳಿದ ಪ್ರತಿ ಬ್ಯಾಂಕ್ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಕೂರಲು ಸಾಧ್ಯವಿಲ್ಲ. ಅದಕ್ಕಾಗಿಯೇ ನೆಟ್‌ವರ್ಕ್ ಇರುವುದು. ಎರಡೂ ಬ್ಯಾಂಕ್‌ಗಳು ಒಂದೇ ನೆಟ್‌ವರ್ಕ್‌ನ ಸದಸ್ಯರಾಗಿದ್ದರೆ ಸಾಕು. ಸಂದೇಶ ಸಾಗಿಸುವುದು, ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವುದು, ತಕರಾರು ಬಂದಾಗ ಯಾವ ನಿಯಮ ಅನ್ವಯವಾಗುತ್ತದೆ ಎಂದು ಹೇಳುವುದು ನೆಟ್‌ವರ್ಕ್‌ನ ಕೆಲಸ. ವೀಸಾ ಆಗಲಿ, ರುಪೇ ಆಗಲಿ ಗ್ರಾಹಕರ ಖಾತೆಯನ್ನು ಇಟ್ಟುಕೊಂಡಿರುವುದಿಲ್ಲ. ಹಾಗಾಗಿ ಹಣ ಕಟ್ ಆದಾಗ ಕಾರ್ಡ್ ಮೇಲಿನ ಲೋಗೋ ನೋಡಿ ನೆಟ್‌ವರ್ಕ್ ಕಂಪನಿಗೆ ದೂರು ಕೊಟ್ಟರೆ ಪ್ರಯೋಜನವಿಲ್ಲ.

ಈ ಪಾತ್ರಗಳು ಎಷ್ಟು ಬೇರೆ ಬೇರೆ ಎಂಬುದು 2021ರಲ್ಲಿ ಸ್ಪಷ್ಟವಾಗಿ ಕಂಡಿತ್ತು. ಪಾವತಿ ದತ್ತಾಂಶವನ್ನು ಭಾರತದಲ್ಲೇ ಇಡಬೇಕೆಂಬ ನಿಯಮ ಪಾಲಿಸಿಲ್ಲ ಎಂಬ ಕಾರಣಕ್ಕೆ ರಿಸರ್ವ್ ಬ್ಯಾಂಕ್ ಆ ವರ್ಷದ ಜುಲೈನಲ್ಲಿ ಮಾಸ್ಟರ್‌ಕಾರ್ಡ್ ಮೇಲೆ ನಿರ್ಬಂಧ ಹೇರಿತು. ಬ್ಯಾಂಕ್‌ಗಳು ಹೊಸ ಗ್ರಾಹಕರಿಗೆ ಮಾಸ್ಟರ್‌ಕಾರ್ಡ್ ಕೊಡುವಂತಿರಲಿಲ್ಲ. ಆದರೆ ಆಗಲೇ ಜನರ ಕೈಯಲ್ಲಿದ್ದ ಕಾರ್ಡ್‌ಗಳು ಎಂದಿನಂತೆ ಕೆಲಸ ಮಾಡಿದವು. ಬ್ಯಾಂಕ್‌ಗಳು ಹೊಸ ಕಾರ್ಡ್‌ಗಳಿಗೆ ಬೇರೆ ನೆಟ್‌ವರ್ಕ್ ಹಿಡಿಯಬೇಕಾಯಿತು, ಅಷ್ಟೇ. 2022ರ ಜೂನ್‌ನಲ್ಲಿ ನಿರ್ಬಂಧ ತೆರವಾಯಿತು.

ಸಂದೇಶ ಹೋಗುವ ದಾರಿ

ಈಗ ದಾದರ್‌ನ ಅಂಗಡಿಗೆ ಬರೋಣ. ಕಾರ್ಡ್ ಯಂತ್ರದೊಳಗೆ ಹೋದ ತಕ್ಷಣ ಚಿಪ್ ಮತ್ತು ಯಂತ್ರದ ನಡುವೆ ಸಣ್ಣ ಮಾತುಕತೆ ನಡೆಯುತ್ತದೆ. ಚಿಪ್ ತನ್ನೊಳಗಿನ ರಹಸ್ಯ ಕೀಲಿಯನ್ನು ಬಳಸಿ, ಆ ಒಂದು ಪಾವತಿಗಷ್ಟೇ ಹೊಂದುವ ಸಂಕೇತವನ್ನು ತಯಾರಿಸುತ್ತದೆ. ಅದನ್ನು ಪರೀಕ್ಷಿಸಲು ಬೇಕಾದ ಕೀಲಿ ಇರುವುದು ಕಾರ್ಡ್ ಕೊಟ್ಟ ಬ್ಯಾಂಕ್‌ನ ಕಡೆಯಲ್ಲಿ. ಹಳೆಯ ಕಪ್ಪು ಪಟ್ಟಿಯ ಕಾರ್ಡನ್ನು ನಕಲು ಮಾಡಿದಷ್ಟು ಸುಲಭವಾಗಿ ಚಿಪ್ ಕಾರ್ಡನ್ನು ನಕಲು ಮಾಡಲಾಗದಿರುವುದು ಇದರಿಂದಲೇ.

ಮೊತ್ತ 8,000 ರೂಪಾಯಿ ಆಗಿರುವುದರಿಂದ ಪಿನ್ ಬೇಕೇ ಬೇಕು. ಪಿನ್ ಇಲ್ಲದೆ ಕಾರ್ಡ್ ಮುಟ್ಟಿಸಿ ಪಾವತಿಸುವ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 5,000 ರೂಪಾಯಿಗೆ ಏರಿಸಿದೆ. ಅದಕ್ಕಿಂತ ಹೆಚ್ಚಿದ್ದರೆ ಪಿನ್ ಒತ್ತಲೇಬೇಕು. ಒತ್ತಿದ ಪಿನ್ ಯಂತ್ರದೊಳಗೇ ಗೂಢಲಿಪಿಯಾಗಿ ಬದಲಾಗುತ್ತದೆ. ಅದು ಅಂಗಡಿಯವರಿಗೂ ಕಾಣುವುದಿಲ್ಲ, ದಾರಿಯಲ್ಲಿರುವ ಬ್ಯಾಂಕ್ ಸಿಬ್ಬಂದಿಗೂ ಕಾಣುವುದಿಲ್ಲ.

ಯಂತ್ರ ಇಷ್ಟನ್ನೂ ಒಟ್ಟು ಮಾಡಿ ಮೊದಲು ಅಂಗಡಿಯ ಬ್ಯಾಂಕ್‌ಗೆ ಕಳುಹಿಸುತ್ತದೆ. ಈ ಕಾರ್ಡ್ ಹುಬ್ಬಳ್ಳಿಯ ಗ್ರಾಹಕರದ್ದೋ, ಚೆನ್ನೈನವರದ್ದೋ ಎಂಬುದು ಅಂಗಡಿಯ ಬ್ಯಾಂಕ್‌ಗೆ ಗೊತ್ತಿರಬೇಕಿಲ್ಲ. ಅದು ನೋಡುವುದು ಕಾರ್ಡ್ ಸಂಖ್ಯೆಯ ಆರಂಭದ ಅಂಕಿಗಳನ್ನು. 4ರಿಂದ ಶುರುವಾಗುವ ಕಾರ್ಡ್ ವೀಸಾ ನೆಟ್‌ವರ್ಕ್‌ನದು. 51ರಿಂದ 55ರವರೆಗಿನ ಅಂಕಿಗಳಿಂದ ಶುರುವಾದರೆ ಮಾಸ್ಟರ್‌ಕಾರ್ಡ್. ಮೊದಲ ಆರು ಅಥವಾ ಎಂಟು ಅಂಕಿಗಳನ್ನು ಸೇರಿಸಿ ನೋಡಿದರೆ ಕಾರ್ಡ್ ಕೊಟ್ಟ ಬ್ಯಾಂಕ್ ಯಾವುದು ಎಂಬುದು ತಿಳಿಯುತ್ತದೆ. ಅಂಚೆಯಲ್ಲಿ ಪಿನ್‌ಕೋಡ್ ಮಾಡುವ ಕೆಲಸವನ್ನೇ ಇಲ್ಲಿ ಈ ಅಂಕಿಗಳು ಮಾಡುತ್ತವೆ.

ಅಂಗಡಿಯ ಬ್ಯಾಂಕ್ ಸಂದೇಶವನ್ನು ನೆಟ್‌ವರ್ಕ್‌ಗೆ ದಾಟಿಸುತ್ತದೆ. ನೆಟ್‌ವರ್ಕ್ ಅದನ್ನು ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ಮುಟ್ಟಿಸುತ್ತದೆ. ಹಾಗೆ ಹೋಗುವ ಸಂದೇಶಕ್ಕೆ 12 ಅಂಕಿಗಳ ಒಂದು ಗುರುತಿನ ಸಂಖ್ಯೆ ಅಂಟಿಕೊಂಡಿರುತ್ತದೆ. ಸ್ಲಿಪ್‌ನಲ್ಲಿ RRN ಎಂದು ಅಚ್ಚಾಗುವುದು ಇದೇ. ಮುಂದೆ ಹಣ ಸಿಲುಕಿದಾಗ ಎಲ್ಲರೂ ಹುಡುಕುವುದು ಈ ಸಂಖ್ಯೆಯನ್ನು.

ಒಪ್ಪಿಗೆ ಕೊಡುವುದು ಯಾರು?

ಕಾರ್ಡ್ ಕೊಟ್ಟ ಬ್ಯಾಂಕ್‌ನ ಕಂಪ್ಯೂಟರ್ ಈಗ ಒಂದೊಂದಾಗಿ ಪರಿಶೀಲಿಸುತ್ತದೆ. ಚಿಪ್‌ನ ಸಂಕೇತ ಸರಿ ಇದೆಯೇ? ಪಿನ್ ಹೊಂದುತ್ತದೆಯೇ? ಕಾರ್ಡ್‌ನ ಅವಧಿ ಮುಗಿದಿಲ್ಲವೇ, ಯಾರಾದರೂ ಬ್ಲಾಕ್ ಮಾಡಿಸಿದ್ದಾರೆಯೇ? ದಿನದ ಮಿತಿ ಮೀರಿದೆಯೇ? ಖಾತೆಯಲ್ಲಿ 8,000 ರೂಪಾಯಿ ಇದೆಯೇ? ಜೊತೆಗೆ ಈ ವಹಿವಾಟು ಅನುಮಾನಕ್ಕೆ ಎಡೆಮಾಡುವಂತಿದೆಯೇ ಎಂದೂ ನೋಡುತ್ತದೆ.

ಎಲ್ಲವೂ ಸರಿಯಿದ್ದರೆ ಬ್ಯಾಂಕ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಗ್ರಾಹಕರ ಖಾತೆಯಿಂದ 8,000 ರೂಪಾಯಿಯನ್ನು ಕಳೆಯುತ್ತದೆ, ಅಥವಾ ಬೇರೆ ಯಾವುದಕ್ಕೂ ಬಳಸದಂತೆ ತಡೆಹಿಡಿಯುತ್ತದೆ. ಮೊಬೈಲ್‌ಗೆ ಸಂದೇಶ ಬರುವುದು ಈ ಹಂತದಲ್ಲಿ. ಎರಡನೆಯದು, ಪಾವತಿಗೆ ಒಪ್ಪಿಗೆ ಇದೆ ಎಂಬ ಉತ್ತರವನ್ನು ಬಂದ ದಾರಿಯಲ್ಲೇ ವಾಪಸ್ ಕಳುಹಿಸುತ್ತದೆ. ಅದು ನೆಟ್‌ವರ್ಕ್, ಅಂಗಡಿಯ ಬ್ಯಾಂಕ್ ದಾಟಿ ಯಂತ್ರಕ್ಕೆ ತಲುಪಿದಾಗ ಸ್ಲಿಪ್ ಹೊರಬರುತ್ತದೆ. ಹೋಗಿ ಬರುವುದಕ್ಕೆಲ್ಲ ಸಾಮಾನ್ಯವಾಗಿ ಕೆಲವೇ ಸೆಕೆಂಡ್ ಸಾಕು.

ಉತ್ತರ ಬರುವುದು ಎರಡಕ್ಷರದ ಕೋಡ್ ರೂಪದಲ್ಲಿ. ಕೆಲವು ಯಂತ್ರಗಳು ಇದನ್ನು ಪರದೆಯಲ್ಲೋ ಸ್ಲಿಪ್‌ನಲ್ಲೋ ತೋರಿಸುತ್ತವೆ. 00 ಎಂದರೆ ಒಪ್ಪಿಗೆ. 51 ಎಂದರೆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. 55 ಎಂದರೆ ಪಿನ್ ತಪ್ಪು. 54 ಎಂದರೆ ಕಾರ್ಡ್‌ನ ಅವಧಿ ಮುಗಿದಿದೆ. 91 ಬಂದರೆ ಕಾರ್ಡ್ ಕೊಟ್ಟ ಬ್ಯಾಂಕ್‌ನ ವ್ಯವಸ್ಥೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದರ್ಥ. 05 ಎಂಬ ಕೋಡ್ ಮಾತ್ರ ಕಾರಣ ಹೇಳದೆ ನಿರಾಕರಿಸುತ್ತದೆ. ಅದರ ಕಾರಣ ತಿಳಿಯಬೇಕಾದರೆ ಸ್ವಂತ ಬ್ಯಾಂಕನ್ನೇ ಕೇಳಬೇಕು, ಅಂಗಡಿಯವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಹಾಗಾದರೆ ಅಂಗಡಿಗೆ ಹಣ ಹೋಗುವುದು ಯಾವಾಗ?

ಸ್ಲಿಪ್ ಬಂದ ಮೇಲೂ ಅಂಗಡಿಯ ಖಾತೆಯಲ್ಲಿ ಒಂದು ರೂಪಾಯಿಯೂ ಬದಲಾಗಿರುವುದಿಲ್ಲ. ದಿನದ ಕೊನೆಗೆ ಆ ಅಂಗಡಿಯಲ್ಲಿ ಯಶಸ್ವಿಯಾದ ಎಲ್ಲ ಪಾವತಿಗಳ ಪಟ್ಟಿ ಸಿದ್ಧವಾಗುತ್ತದೆ. ಅನೇಕ ಅಂಗಡಿಗಳಲ್ಲಿ ರಾತ್ರಿ ಬಾಗಿಲು ಹಾಕುವ ಮುನ್ನ ಯಂತ್ರದಲ್ಲಿ 'ಸೆಟ್ಲ್‌ಮೆಂಟ್' ಒತ್ತುವುದು ಇದಕ್ಕಾಗಿ. ಕೆಲವು ಯಂತ್ರಗಳು ತಾವಾಗಿಯೇ ಮಾಡಿಕೊಳ್ಳುತ್ತವೆ. ಅಂಗಡಿಯ ಬ್ಯಾಂಕ್ ಈ ಪಟ್ಟಿಯ ಆಧಾರದ ಮೇಲೆ ನೆಟ್‌ವರ್ಕ್ ಮುಂದೆ ತನಗೆ ಬರಬೇಕಾದ ಹಣ ಕೇಳುತ್ತದೆ.

ನೆಟ್‌ವರ್ಕ್ ಪ್ರತಿ ಸೀರೆಗೂ, ಪ್ರತಿ ಊಟಕ್ಕೂ ಬೇರೆ ಬೇರೆ ಹಣ ಕಳುಹಿಸುವುದಿಲ್ಲ. ಬ್ಯಾಂಕ್‌ಗಳ ನಡುವೆ ಕೂಡಿ ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ದಿನ ಹುಬ್ಬಳ್ಳಿ ಗ್ರಾಹಕರ ಬ್ಯಾಂಕ್‌ನ ಕಾರ್ಡ್‌ಗಳಿಂದ ಮುಂಬೈ ಅಂಗಡಿಯ ಬ್ಯಾಂಕ್‌ಗೆ 90 ಲಕ್ಷ ರೂಪಾಯಿ ಬರಬೇಕು ಎಂದುಕೊಳ್ಳಿ. ಅದೇ ದಿನ ಆ ಮುಂಬೈ ಬ್ಯಾಂಕ್‌ನ ಕಾರ್ಡ್‌ದಾರರು ಮೊದಲ ಬ್ಯಾಂಕ್‌ನ ಯಂತ್ರಗಳಿರುವ ಅಂಗಡಿಗಳಲ್ಲಿ 70 ಲಕ್ಷ ಖರ್ಚು ಮಾಡಿದ್ದಾರೆ. ಆಗ ಕೈ ಬದಲಾಗಬೇಕಾದದ್ದು ವ್ಯತ್ಯಾಸದ 20 ಲಕ್ಷ ಮಾತ್ರ. ನೆಟ್‌ವರ್ಕ್ ಇದೇ ರೀತಿ ಎಲ್ಲ ಸದಸ್ಯ ಬ್ಯಾಂಕ್‌ಗಳ ಲೆಕ್ಕವನ್ನು ಒಟ್ಟಿಗೆ ಹಾಕಿ, ಯಾರು ಕೊಡಬೇಕು, ಯಾರಿಗೆ ಬರಬೇಕು ಎಂದು ತಿಳಿಸುತ್ತದೆ. ಹಣ ಬ್ಯಾಂಕ್‌ಗಳ ಸೆಟ್ಲ್‌ಮೆಂಟ್ ಖಾತೆಗಳ ಮೂಲಕ ಸಾಗುತ್ತದೆ. ಅಂಗಡಿಯ ಬ್ಯಾಂಕ್ ತನ್ನ ಶುಲ್ಕ ಕಳೆದು ಉಳಿದದ್ದನ್ನು ಅಂಗಡಿಯ ಖಾತೆಗೆ, ಸಾಮಾನ್ಯವಾಗಿ ಮರುದಿನವೋ ಮುಂದಿನ ಕೆಲಸದ ದಿನವೋ, ಹಾಕುತ್ತದೆ.

ಆದ್ದರಿಂದ ಒಪ್ಪಿಗೆಯ ಸ್ಲಿಪ್ ಕೈಗೆ ಬಂದ ಮೇಲೂ ಅಂಗಡಿಯವರು ತಮ್ಮ ಖಾತೆಗೆ ಇನ್ನೂ ಹಣ ಜಮೆಯಾಗಿಲ್ಲ ಎಂದರೆ ಅದು ಸಹಜವೇ. ಅದು ಅಂಗಡಿ ಮತ್ತು ಅದರ ಬ್ಯಾಂಕ್ ನಡುವಿನ ವಿಷಯ. ಗ್ರಾಹಕರು ಮತ್ತೆ ಹಣ ಕೊಡಬೇಕಾಗಿಲ್ಲ.

ಸಿಲುಕುವುದು ವಾಪಸ್ ಬರುವ ದಾರಿಯಲ್ಲಿ

ಸಮಸ್ಯೆ ಇರುವುದು ಸ್ಲಿಪ್ ಬಾರದೇ ಇದ್ದಾಗ. ಮೇಲಿನ ದಾರಿಯನ್ನು ಇನ್ನೊಮ್ಮೆ ನೋಡಿ. ಸಂದೇಶ ಹೋಗುವಾಗಲೇ ಎಲ್ಲಾದರೂ ಕಡಿದುಹೋದರೆ ಚಿಂತೆಯಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ವಿಷಯವೇ ತಲುಪಿರುವುದಿಲ್ಲ, ಹಾಗಾಗಿ ಹಣವೂ ಕಟ್ ಆಗುವುದಿಲ್ಲ. ಆದರೆ ಬ್ಯಾಂಕ್ ಹಣ ಕಳೆದು, ಒಪ್ಪಿಗೆ ಕಳುಹಿಸಿದ ಮೇಲೆ ಆ ಉತ್ತರ ಹಿಂದಿರುಗುವ ದಾರಿಯಲ್ಲಿ ಕಳೆದುಹೋದರೆ? ಯಂತ್ರದ ಸಿಮ್‌ಗೆ ಸಿಗ್ನಲ್ ಹೋಗಿರಬಹುದು, ಉತ್ತರ ಬರುವಷ್ಟರಲ್ಲಿ ಯಂತ್ರ ಕಾಯುವ ಸಮಯ ಮುಗಿದಿರಬಹುದು. ಯಂತ್ರಕ್ಕೆ ಗೊತ್ತಿರುವುದು ಉತ್ತರ ಬರಲಿಲ್ಲ ಎಂಬುದಷ್ಟೇ. ಅದು ಪಾವತಿ ವಿಫಲ ಎನ್ನುತ್ತದೆ. ಬ್ಯಾಂಕ್‌ನ ದಾಖಲೆಯಲ್ಲಿ ಮಾತ್ರ ಅದೇ ಪಾವತಿ ಯಶಸ್ವಿ.

ಇಂಥ ಸಂದರ್ಭಕ್ಕೆಂದೇ ವ್ಯವಸ್ಥೆಯಲ್ಲಿ ಎರಡು ಬಗೆಯ ದುರಸ್ತಿ ಇದೆ. ಮೊದಲನೆಯದು ತಕ್ಷಣದ್ದು. ಉತ್ತರ ಸಿಗದ ಯಂತ್ರ ಅಥವಾ ಅಂಗಡಿಯ ಬ್ಯಾಂಕ್, ಆ ಪಾವತಿಯನ್ನು ರದ್ದು ಮಾಡಿ ಎಂಬ ಇನ್ನೊಂದು ಸಂದೇಶ ಕಳುಹಿಸುತ್ತದೆ. ಇದಕ್ಕೆ ರಿವರ್ಸಲ್ ಎಂದು ಹೆಸರು. ಇದು ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ತಲುಪಿದರೆ ಕಳೆದ ಹಣ ಕೆಲವೇ ನಿಮಿಷದಲ್ಲಿ ಖಾತೆಗೆ ಮರಳಬಹುದು. ವಿಫಲವಾದ ಪಾವತಿಯ ಹಣ ಕೆಲವೊಮ್ಮೆ ಅಂಗಡಿಯಿಂದ ಹೊರಬರುವಷ್ಟರಲ್ಲೇ ವಾಪಸ್ ಬರುವುದು ಹೀಗೆ.

ಸಿಗ್ನಲ್ ಇಲ್ಲದ ಯಂತ್ರದಿಂದ ರಿವರ್ಸಲ್ ಸಂದೇಶವೂ ಹೊರಡಲಾಗದಿದ್ದರೆ ಎರಡನೆಯ ದುರಸ್ತಿ ಬೇಕಾಗುತ್ತದೆ. ಅದು ಲೆಕ್ಕ ತಾಳೆ ನೋಡುವುದು. ಕಾರ್ಡ್ ಕೊಟ್ಟ ಬ್ಯಾಂಕ್ ತಾನು ಕಳೆದ ಹಣದ ಪಟ್ಟಿಯನ್ನೂ, ನೆಟ್‌ವರ್ಕ್ ಮೂಲಕ ಅಂಗಡಿಗಳ ಬ್ಯಾಂಕ್‌ಗಳು ಕೇಳಿದ ಹಣದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸುತ್ತದೆ. ದಾದರ್‌ನ 8,000 ರೂಪಾಯಿ ಬ್ಯಾಂಕ್‌ನ ಪಟ್ಟಿಯಲ್ಲಿದೆ, ಆದರೆ ಅಂಗಡಿಯ ಕಡೆಯಿಂದ ಬಂದ ಪಟ್ಟಿಯಲ್ಲಿ ಇಲ್ಲ. ಅಂದರೆ ಈ ಹಣವನ್ನು ಯಾರೂ ಕೇಳಿಲ್ಲ. ಅದು ಗ್ರಾಹಕರಿಗೆ ವಾಪಸ್ ಹೋಗಬೇಕು.

ಇಷ್ಟು ಸರಳವಾಗಿದ್ದರೆ ಮರುದಿನವೇ ಹಣ ಕೊಡಬಹುದಲ್ಲ ಎನ್ನಿಸಬಹುದು. ಅಂಗಡಿಯವರು ರಾತ್ರಿ ಸೆಟ್ಲ್‌ಮೆಂಟ್ ಒತ್ತುವುದನ್ನು ಮರೆತಿದ್ದರೆ, ಮಧ್ಯೆ ರಜೆ ಬಂದಿದ್ದರೆ, ನಿಜವಾಗಿ ಯಶಸ್ವಿಯಾದ ಪಾವತಿಯ ಕೋರಿಕೆಯೂ ತಡವಾಗಿ ಬರಬಹುದು. ಅವಸರದಲ್ಲಿ ಗ್ರಾಹಕರಿಗೆ ಹಣ ಮರಳಿಸಿದ ಮೇಲೆ ಅಂಗಡಿಯ ಕೋರಿಕೆ ಬಂದರೆ ಬ್ಯಾಂಕ್ ಮತ್ತೆ ಗ್ರಾಹಕರ ಖಾತೆಗೆ ಕೈ ಹಾಕಬೇಕಾಗುತ್ತದೆ. ಕೆಲವು ದಿನ ಕಾಯುವುದು ಈ ಗೊಂದಲ ತಪ್ಪಿಸಲು.

5 ದಿನದ ಗಡುವು, ಆಮೇಲೆ ದಿನಕ್ಕೆ 100 ರೂಪಾಯಿ

ಹಾಗೆಂದು ಬ್ಯಾಂಕ್‌ಗಳು ಇಷ್ಟ ಬಂದಷ್ಟು ದಿನ ಹಣ ಇಟ್ಟುಕೊಳ್ಳುವಂತಿಲ್ಲ. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದಕ್ಕೆ ಗಡುವು ನಿಗದಿ ಮಾಡಿದೆ. ಅಂಗಡಿಯಲ್ಲಿ ಕಾರ್ಡ್ ಬಳಸಿದಾಗ ಖಾತೆಯಿಂದ ಹಣ ಕಟ್ ಆಗಿ, ಯಂತ್ರದಿಂದ ಸ್ಲಿಪ್ ಬಾರದಿದ್ದರೆ, ಪಾವತಿ ನಡೆದ ದಿನದ ನಂತರದ 5 ದಿನಗಳೊಳಗೆ ಹಣ ತಾನಾಗಿಯೇ ವಾಪಸ್ ಬರಬೇಕು. ಆನ್‌ಲೈನ್ ಖರೀದಿಯಲ್ಲಿ ಹಣ ಹೋಗಿ, ಮಾರಾಟಗಾರರಿಗೆ ದೃಢೀಕರಣ ತಲುಪದಿದ್ದರೂ ಇದೇ ನಿಯಮ. ಗಡುವು ಮೀರಿದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ಇಲ್ಲಿ ಎಣಿಸುವುದು ಕ್ಯಾಲೆಂಡರ್ ದಿನಗಳನ್ನು. ದಾದರ್‌ನ ಪಾವತಿ ಜೂನ್ 1ರಂದು ನಡೆದಿದ್ದರೆ, ಜೂನ್ 6ರೊಳಗೆ 8,000 ರೂಪಾಯಿ ಮರಳಬೇಕು. ಹಣ ಬಂದದ್ದು ಜೂನ್ 9ಕ್ಕೆ ಎಂದಾದರೆ ತಡವಾದದ್ದು 3 ದಿನ. ಗ್ರಾಹಕರಿಗೆ 8,000 ರೂಪಾಯಿ ಜೊತೆಗೆ 300 ರೂಪಾಯಿ ಪರಿಹಾರವೂ ಸಿಗಬೇಕು. ಇದಕ್ಕಾಗಿ ದೂರು ಕೊಡುವವರೆಗೆ ಬ್ಯಾಂಕ್ ಕಾಯಬಾರದು, ತಾನಾಗಿಯೇ ಜಮೆ ಮಾಡಬೇಕು ಎಂದು ಸುತ್ತೋಲೆ ಹೇಳುತ್ತದೆ. ಹಣ ಮರಳಿದಾಗ ಪರಿಹಾರವೂ ಬಂದಿದೆಯೇ ಎಂದು ಸ್ಟೇಟ್‌ಮೆಂಟ್‌ನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಎರಡು ಬಾರಿ ಕಟ್ ಆದರೆ ವಿಷಯವೇ ಬೇರೆ

ಈ ನಿಯಮ ಎಲ್ಲ ತಕರಾರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಮೊದಲ ಸಲ ಸ್ಲಿಪ್ ಬಂದಿತ್ತು, ಅಂಗಡಿಯವರು ಗಮನಿಸದೆ ಎರಡನೇ ಸಲವೂ ಕಾರ್ಡ್ ಹಾಕಿಸಿದರು, ಆಗಲೂ ಸ್ಲಿಪ್ ಬಂತು ಎಂದುಕೊಳ್ಳಿ. ಆಗ ಮೂರೂ ಸಂಸ್ಥೆಗಳ ಲೆಕ್ಕದಲ್ಲಿ ಇವು ಎರಡು ಸರಿಯಾದ ಪಾವತಿಗಳು. ಪಟ್ಟಿಗಳು ಪೂರ್ತಿ ತಾಳೆಯಾಗುತ್ತವೆ. ಹಣ ತಾನಾಗಿ ವಾಪಸ್ ಬರುವುದಿಲ್ಲ.

ಇದಕ್ಕೆ ಸುಲಭದ ದಾರಿ ಅಂಗಡಿಯಲ್ಲೇ ಇದೆ. ಅಂದಿನ ಸೆಟ್ಲ್‌ಮೆಂಟ್ ಆಗುವ ಮುನ್ನ ಹೇಳಿದರೆ ಅಂಗಡಿಯವರು ಆ ಪಾವತಿಯನ್ನು ಯಂತ್ರದಲ್ಲೇ ರದ್ದು ಮಾಡಬಹುದು. ತಡವಾಗಿದ್ದರೆ ರಿಫಂಡ್ ಮಾಡಬಹುದು. ರಿಫಂಡ್ ಕೂಡ ಅದೇ ಮೂರು ಸಂಸ್ಥೆಗಳ ಮೂಲಕ ಹಿಂದಿರುಗಿ ಬರಬೇಕಾಗಿರುವುದರಿಂದ ಕೆಲವು ದಿನ ಹಿಡಿಯುತ್ತದೆ.

ಅಂಗಡಿಯವರು ಒಪ್ಪದಿದ್ದರೆ ಗ್ರಾಹಕರು ತಮಗೆ ಕಾರ್ಡ್ ಕೊಟ್ಟ ಬ್ಯಾಂಕ್‌ನಲ್ಲಿ ಲಿಖಿತವಾಗಿ ತಕರಾರು ದಾಖಲಿಸಬೇಕು. ಬ್ಯಾಂಕ್ ಅದನ್ನು ನೆಟ್‌ವರ್ಕ್ ಮೂಲಕ ಅಂಗಡಿಯ ಬ್ಯಾಂಕ್ ಮುಂದೆ ಇಡುತ್ತದೆ. ಇದೇ ಚಾರ್ಜ್‌ಬ್ಯಾಕ್. ಎರಡು ಪಾವತಿಗೆ ಎರಡು ಬಿಲ್ ಇವೆಯೇ, ಸರಕು ಕೊಟ್ಟದ್ದಕ್ಕೆ ದಾಖಲೆ ಇದೆಯೇ ಎಂದು ಅಂಗಡಿ ತೋರಿಸಬೇಕಾಗುತ್ತದೆ. ತೋರಿಸಲಾಗದಿದ್ದರೆ ಹಣ ಅಂಗಡಿಯ ಬ್ಯಾಂಕ್‌ನಿಂದ ವಾಪಸ್ ಬರುತ್ತದೆ, ಆ ಬ್ಯಾಂಕ್ ಅದನ್ನು ಅಂಗಡಿಯಿಂದ ವಸೂಲಿ ಮಾಡಿಕೊಳ್ಳುತ್ತದೆ. ಇದಕ್ಕೆ ನೆಟ್‌ವರ್ಕ್‌ಗಳು ಕಾಲಮಿತಿ ಇಟ್ಟಿರುವುದರಿಂದ ತಡಮಾಡಬಾರದು.

8,000 ರೂಪಾಯಿಯಲ್ಲಿ ಯಾರಿಗೆ ಎಷ್ಟು?

ಇಷ್ಟೆಲ್ಲ ಕೆಲಸ ಉಚಿತವಾಗಿ ನಡೆಯುವುದಿಲ್ಲ. ಅಂಗಡಿಯವರು ತಮ್ಮ ಬ್ಯಾಂಕ್‌ಗೆ ಕೊಡುವ ಶುಲ್ಕಕ್ಕೆ ಎಂಡಿಆರ್ ಎನ್ನುತ್ತಾರೆ. ಡೆಬಿಟ್ ಕಾರ್ಡ್‌ಗಳ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ 2018ರ ಜನವರಿ 1ರಿಂದ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ಸಣ್ಣ ಅಂಗಡಿಗಳಿಗೆ, ಸ್ವೈಪಿಂಗ್ ಯಂತ್ರದ ಪಾವತಿಯಲ್ಲಿ, ಹೆಚ್ಚೆಂದರೆ ಶೇ 0.40. ಅದಕ್ಕಿಂತ ದೊಡ್ಡ ಅಂಗಡಿಗಳಿಗೆ ಹೆಚ್ಚೆಂದರೆ ಶೇ 0.90.

ದಾದರ್‌ನ ಅಂಗಡಿ ದೊಡ್ಡದು, ಕಾರ್ಡ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಎಂದಿಟ್ಟುಕೊಂಡರೆ, 8,000 ರೂಪಾಯಿಗೆ ಗರಿಷ್ಠ ಶುಲ್ಕ 72 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ 12 ರೂಪಾಯಿ 96 ಪೈಸೆ. ಅಂಗಡಿಯ ಖಾತೆಗೆ ಸೇರುವುದು 7,915 ರೂಪಾಯಿ 4 ಪೈಸೆ. ಆ 72 ರೂಪಾಯಿ ಪೂರ್ತಿ ಅಂಗಡಿಯ ಬ್ಯಾಂಕ್‌ಗೆ ಉಳಿಯುವುದಿಲ್ಲ. ಅದರಲ್ಲಿ ಒಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ಹೋಗುತ್ತದೆ, ಅದಕ್ಕೆ ಇಂಟರ್‌ಚೇಂಜ್ ಎಂದು ಹೆಸರು. ನೆಟ್‌ವರ್ಕ್ ತನ್ನ ಸೇವೆಗೆ ಎರಡೂ ಬ್ಯಾಂಕ್‌ಗಳಿಂದ ಶುಲ್ಕ ಪಡೆಯುತ್ತದೆ.

ಅದೇ ರುಪೇ ಡೆಬಿಟ್ ಕಾರ್ಡ್ ಆಗಿದ್ದರೆ ಅಂಗಡಿಗೆ ಪೂರ್ತಿ 8,000 ರೂಪಾಯಿ ಸಿಗುತ್ತಿತ್ತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಎಂಡಿಆರ್ ಇಲ್ಲ. ಕ್ರೆಡಿಟ್ ಕಾರ್ಡ್‌ಗೆ ಮಾತ್ರ ರಿಸರ್ವ್ ಬ್ಯಾಂಕ್ ಇಂಥ ಮಿತಿ ಹಾಕಿಲ್ಲ, ಅಲ್ಲಿ ಶುಲ್ಕ ಹೆಚ್ಚು. ಹಾಗಾಗಿ ಕ್ರೆಡಿಟ್ ಕಾರ್ಡ್ ತೆಗೆದರೆ ಕೆಲವು ಅಂಗಡಿಯವರು ಮುಖ ಸಣ್ಣದು ಮಾಡುವುದುಂಟು.

ಈ ಶುಲ್ಕವನ್ನು ಗ್ರಾಹಕರ ಬಿಲ್‌ಗೆ ಸೇರಿಸಬಹುದೇ? ಡೆಬಿಟ್ ಕಾರ್ಡ್ ಪಾವತಿಯಲ್ಲಿ ಅಂಗಡಿಗಳು ಎಂಡಿಆರ್ ಅನ್ನು ಗ್ರಾಹಕರ ಮೇಲೆ ಹೇರದಂತೆ ಬ್ಯಾಂಕ್‌ಗಳು ನೋಡಿಕೊಳ್ಳಬೇಕು ಎಂಬುದು ರಿಸರ್ವ್ ಬ್ಯಾಂಕ್ ಸೂಚನೆ. ಡೆಬಿಟ್ ಕಾರ್ಡ್‌ಗೆ ಶೇ 2 ಹೆಚ್ಚು ಕೊಡಿ ಎಂದು ಯಾರಾದರೂ ಕೇಳಿದರೆ, ದೂರು ಹೋಗಬೇಕಾದದ್ದು ಆ ಅಂಗಡಿಯನ್ನು ನೋಡಿಕೊಳ್ಳುವ ಅಕ್ವೈರಿಂಗ್ ಬ್ಯಾಂಕ್‌ಗೆ. ಅದರ ಹೆಸರು ಹೆಚ್ಚಾಗಿ ಸ್ಲಿಪ್‌ನಲ್ಲೇ ಇರುತ್ತದೆ.

ಹಣ ಬಾರದಿದ್ದರೆ ಯಾರನ್ನು ಕೇಳಬೇಕು?

ಸಿಲುಕಿದ ಹಣಕ್ಕಾಗಿ ಗ್ರಾಹಕರು ಕೇಳಬೇಕಾದದ್ದು ಒಬ್ಬರನ್ನೇ, ಕಾರ್ಡ್ ಕೊಟ್ಟ ಬ್ಯಾಂಕನ್ನು. ತಪ್ಪು ಅಂಗಡಿಯ ಯಂತ್ರದ್ದೇ ಆಗಿರಲಿ, ನೆಟ್‌ವರ್ಕ್‌ನದೇ ಆಗಿರಲಿ, ಗ್ರಾಹಕರ ಸಂಬಂಧ ಇರುವುದು ಈ ಬ್ಯಾಂಕ್ ಜೊತೆ. ಉಳಿದವರನ್ನು ವಿಚಾರಿಸುವುದು ಅದರ ಕೆಲಸ. ಖಾತೆ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇದೆ ಎಂಬ ಕಾರಣಕ್ಕೆ ಊರಿಗೆ ಹೋಗಬೇಕಾಗಿಲ್ಲ. ಬ್ಯಾಂಕ್‌ನ ಆ್ಯಪ್, ಇಮೇಲ್ ಅಥವಾ ಗ್ರಾಹಕ ಸೇವಾ ಸಂಖ್ಯೆಯಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆದುಕೊಂಡರೆ ಸಾಕು.

ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕ್‌ನ ಒಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ತಾಣದಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಇರುವುದರಿಂದ ಬ್ಯಾಂಕ್ ಶಾಖೆ ಯಾವ ರಾಜ್ಯದಲ್ಲಿದೆ, ಗ್ರಾಹಕರು ಯಾವ ರಾಜ್ಯದಲ್ಲಿದ್ದಾರೆ ಎಂಬುದು ಅಡ್ಡಿಯಾಗುವುದಿಲ್ಲ. ದೂರು ಸಲ್ಲಿಸುವ ಬಗ್ಗೆ 14448 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೂ ಕೇಳಿ ತಿಳಿದುಕೊಳ್ಳಬಹುದು.

ದೂರಿನಲ್ಲಿ ಬರೆಯಬೇಕಾದದ್ದು ಕೆಲವೇ ವಿವರ. ಪಾವತಿಯ ದಿನ ಮತ್ತು ಸಮಯ, ಮೊತ್ತ, ಅಂಗಡಿಯ ಹೆಸರು, ಕಾರ್ಡ್‌ನ ಕೊನೆಯ ನಾಲ್ಕು ಅಂಕಿ, ಸಿಕ್ಕರೆ RRN. ಪಾವತಿ ವಿಫಲ ಎಂದು ಬರೆದ ಸ್ಲಿಪ್ ಯಂತ್ರದಿಂದ ಬಂದಿದ್ದರೆ ಅದನ್ನು ಕೇಳಿ ಪಡೆದು ತಕ್ಷಣ ಫೋಟೋ ತೆಗೆದಿಡಿ. ಆ ಕಾಗದದ ಮೇಲಿನ ಅಕ್ಷರಗಳು ಕೆಲವೇ ವಾರಗಳಲ್ಲಿ ಮಾಸಿಹೋಗಬಹುದು. ಸ್ಲಿಪ್ ಬಾರದಿದ್ದರೆ ಹಣ ಕಡಿತದ ಮೊಬೈಲ್ ಸಂದೇಶವನ್ನು ಅಳಿಸಬೇಡಿ. ಪೂರ್ತಿ ಕಾರ್ಡ್ ಸಂಖ್ಯೆ, ಪಿನ್, ಒಟಿಪಿ ಇವುಗಳನ್ನು ದೂರಿನಲ್ಲಿ ಬರೆಯುವ ಅಗತ್ಯವೇ ಇಲ್ಲ. ಹಣ ವಾಪಸ್ ಕೊಡಿಸುತ್ತೇವೆ ಎಂದು ಕರೆ ಮಾಡಿ ಇವನ್ನು ಕೇಳಿದರೆ, ಆ ಕರೆ ಬ್ಯಾಂಕ್‌ನದಲ್ಲ.